ಪ್ರಬಂಧದ ಜೊತೆ ಹೋಗುವ ಅರ್ಧ ಪುಟ

ಕಾಲೇಜಿನ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಪ್ರಬಂಧವಾಗಿ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಲು ಹೊರಡುತ್ತಾರೆ. ಪ್ರಬಂಧಕ್ಕಾಗಿ ತಿಂಗಳುಗಟ್ಟಲೆ ದುಡಿದವರು ಜೊತೆಯಲ್ಲಿಡುವ ಕವರಿಂಗ್ ಲೆಟರನ್ನು ಮಾತ್ರ ಕೊನೆಯ ಹತ್ತು ನಿಮಿಷದಲ್ಲಿ ಗೀಚಿ ಮುಗಿಸುತ್ತಾರೆ. ಪ್ರಬಂಧವನ್ನು ಪರಿಣತರ ಪರಿಶೀಲನೆಗೆ ಕಳಿಸಬೇಕೋ ಅಥವಾ ಅಲ್ಲಿಂದಲೇ ಹಿಂದಿರುಗಿಸಬೇಕೋ ಎಂದು ಸಂಪಾದಕರು ಯೋಚಿಸುವಾಗ ಅವರ ಕಣ್ಣೆದುರು ಇರುವ ಹಾಳೆಗಳಲ್ಲಿ ಈ ಪತ್ರವೂ ಒಂದು. ಅದರಲ್ಲಿ ಏನಿರಬೇಕು, ಎಷ್ಟಿರಬೇಕು? ಇದಕ್ಕೆ ನಮ್ಮ ದೇಶದಿಂದಲೇ ಹೋದ ಒಂದು ಪತ್ರ ಒಳ್ಳೆಯ ಪಾಠವಾಗಬಲ್ಲದು.

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸ್ ಬರ್ಲಿನ್‌ನಲ್ಲಿದ್ದ ಐನ್‌ಸ್ಟೈನ್ ಅವರಿಗೆ ಒಂದು ಕಾಗದ ಬರೆದರು. ಬೋಸರಿಗೆ ಆಗ ಮೂವತ್ತು ವರ್ಷ. ಕಾಗದದ ಜೊತೆಗೆ ಪುಟ್ಟದೊಂದು ಪ್ರಬಂಧವಿತ್ತು. ಯೋಗ್ಯವೆನಿಸಿದರೆ ಅದನ್ನು 'ಝೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್' ಎಂಬ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಬೇಕೆಂದು ಕೋರಿಕೆ.

ಆ ಕಾಗದದಲ್ಲಿ ಬೋಸರು ತಮ್ಮ ಕೆಲಸದ ಬಗ್ಗೆ ಏನು ಹೇಳಿಕೊಂಡರು ಎಂಬುದನ್ನು ಗಮನಿಸಬೇಕು. ಕಾದ ವಸ್ತುವಿನಿಂದ ಹೊಮ್ಮುವ ಬೆಳಕಿನಲ್ಲಿ ಯಾವ ಕಂಪನಾಂಕಕ್ಕೆ ಎಷ್ಟು ಶಕ್ತಿ ಎಂಬುದನ್ನು ಹೇಳುವ ಸೂತ್ರವನ್ನು ಪ್ಲಾಂಕ್ 1900ರಲ್ಲಿ ಕೊಟ್ಟಿದ್ದರು. ಅದರಲ್ಲಿ 8πν²/c³ ಎಂಬ ಒಂದು ಗುಣಕ ಬರುತ್ತದೆ. ಈ ಗುಣಕವನ್ನು ಹಳೆಯ ವಿದ್ಯುತ್ಕಾಂತ ಸಿದ್ಧಾಂತದಿಂದ ಎರವಲು ತರಬೇಕಾಗಿತ್ತು. ಹೊಸ ಮನೆಗೆ ಹಳೆಯ ಮನೆಯ ತೊಲೆ ತಂದು ಕೂರಿಸಿದಂತೆ. ಆ ಎರವಲಿಲ್ಲದೆ, ಒಂದೇ ಒಂದು ಕ್ವಾಂಟಂ ಆಧಾರಭಾವನೆಯಿಂದ ಆ ಗುಣಕವನ್ನು ಪಡೆಯಲು ಯತ್ನಿಸಿದ್ದೇನೆ ಎಂದು ಬೋಸರು ಬರೆದರು. ಅಷ್ಟೆ. ಯಾವುದನ್ನು ಪಡೆದೆ, ಯಾವುದರ ನೆರವಿಲ್ಲದೆ, ಏನನ್ನು ಮಾತ್ರ ನಂಬಿಕೊಂಡು, ಈ ಮೂರೂ ಒಂದೇ ವಾಕ್ಯದಲ್ಲಿವೆ. ಓದುವವರು ಪ್ರಬಂಧವನ್ನು ತೆರೆದು ಅದು ನಿಜವೋ ಅಲ್ಲವೋ ಎಂದು ಕೂಡಲೇ ನೋಡಬಹುದು.

'ಕ್ರಾಂತಿಕಾರಿ', 'ಅಭೂತಪೂರ್ವ' ಎಂಬಂಥ ಮಾತುಗಳು ಅಲ್ಲಿ ಕಾಣುವುದಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಬೆಳಕಿನ ಕಣಗಳನ್ನು ಎಣಿಸಲು ಬೋಸರು ಬಳಸಿದ ಹೊಸ ರೀತಿಯೇ ಮುಂದೆ ಅವರ ಹೆಸರನ್ನು ಉಳಿಸಿದ್ದು. ಕಾಗದದಲ್ಲಿ ಅದರ ಬಗ್ಗೆ ಹಿರಿಮೆಯ ಮಾತೇ ಇಲ್ಲ. ಆ ಹಿರಿಮೆ ಐನ್‌ಸ್ಟೈನ್ ಅವರ ಕಣ್ಣಿಗೆ ಬಿತ್ತು. ಅವರೇ ಪ್ರಬಂಧವನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಇದೊಂದು ಮುಖ್ಯವಾದ ಮುನ್ನಡೆ ಎಂಬ ಟಿಪ್ಪಣಿ ಸೇರಿಸಿ ಕಳಿಸಿದರು. ಜುಲೈ 2ರಂದು ಅದು ಪತ್ರಿಕೆಗೆ ತಲುಪಿ, ಅದೇ ವರ್ಷ ಅಚ್ಚಾಯಿತು.

ಆ ಕಾಗದದ ಎಲ್ಲವನ್ನೂ ನಾವು ಅನುಕರಿಸಬೇಕಾಗಿಲ್ಲ. ನಾವೆಲ್ಲ ನಿಮ್ಮ ಬರಹಗಳಿಂದ ಕಲಿತ ಶಿಷ್ಯರು ಎಂದು ಬೋಸರು ಬರೆದದ್ದು ಒಬ್ಬ ವ್ಯಕ್ತಿಗೆ. ಪತ್ರಿಕೆಯ ಸಂಪಾದಕರಿಗೆ ಇಂಥ ಮಾತು ಬೇಡ. ಅವರಿಗೆ ಬೇಕಾದದ್ದು ನಮ್ಮ ಪ್ರಬಂಧ ಅವರ ಪತ್ರಿಕೆಗೇ ಏಕೆ ಹೊಂದುತ್ತದೆ ಎಂಬ ಕಾರಣ.

ಈಗ ನಮ್ಮ ಊರಿನ ಮಟ್ಟಕ್ಕೆ ಬರೋಣ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ತನ್ನ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಊರ ಕೆರೆಯ ಏರೋಪ್ಲೇನ್ ಚಿಟ್ಟೆಗಳನ್ನು ಜೂನ್‌ನಿಂದ ಮರುವರ್ಷದ ಮೇವರೆಗೆ ತಿಂಗಳಿಗೆ ಎರಡು ಸಲದಂತೆ 24 ಸಲ ಹೋಗಿ ನೋಡಿದ್ದಾಳೆ. ಒಟ್ಟು 31 ಪ್ರಭೇದಗಳ ಛಾಯಾಚಿತ್ರ ಸಿಕ್ಕಿದೆ. ಜಿಲ್ಲೆಯ ಬಗ್ಗೆ ಮೊದಲೇ ಪ್ರಕಟವಾಗಿರುವ ಪಟ್ಟಿಯಲ್ಲಿ ಇವುಗಳ ಪೈಕಿ 26 ಇವೆ, ಐದು ಇಲ್ಲ.

ಮೊದಲ ಕರಡಿನಲ್ಲಿ ಅವಳು ಹೀಗೆ ಬರೆಯುತ್ತಾಳೆ ಎನ್ನಿ: 'ನಾವು ಐದು ಹೊಸ ಪ್ರಭೇದಗಳನ್ನು ಕಂಡುಹಿಡಿದಿದ್ದೇವೆ. ಇದು ಕೀಟವಿಜ್ಞಾನಕ್ಕೆ ಮಹತ್ತರ ಕೊಡುಗೆ.' ಸಂಪಾದಕರು ಇಲ್ಲಿಯೇ ನಿಲ್ಲುತ್ತಾರೆ. ಹೊಸ ಪ್ರಭೇದ ಎಂದರೆ ವಿಜ್ಞಾನಕ್ಕೇ ಹೊಸತು. ಅದಕ್ಕೆ ಸಾಮಾನ್ಯವಾಗಿ ಕೀಟದ ಮಾದರಿಯನ್ನು ಸಂಗ್ರಹಾಲಯದಲ್ಲಿ ಇರಿಸಬೇಕು, ಅಂಗಾಂಗಗಳನ್ನು ವಿವರಿಸಬೇಕು, ನಿಯಮದಂತೆ ಹೆಸರಿಡಬೇಕು. ಇವಳ ಬಳಿ ಇರುವುದು ಜಿಲ್ಲೆಯ ಪಟ್ಟಿಗೆ ಹೊಸದಾದ ದಾಖಲೆ. ಎರಡಕ್ಕೂ ಅಜಗಜಾಂತರ. ಪ್ರಬಂಧ ಪ್ರಾಮಾಣಿಕವಾಗಿದ್ದರೂ ಪತ್ರದ ಒಂದು ಪದ ಅದರ ಮೇಲೆ ಅನುಮಾನ ತರುತ್ತದೆ.

ಅದೇ ವಿಷಯವನ್ನು ಹೀಗೆ ಬರೆಯಬಹುದು:

'ಮಾನ್ಯ ಸಂಪಾದಕರಿಗೆ, ಒಂದು ಕೆರೆಯ ಏರೋಪ್ಲೇನ್ ಚಿಟ್ಟೆಗಳನ್ನು ಕುರಿತ ನಮ್ಮ ಪ್ರಬಂಧವನ್ನು ಪರಿಶೀಲನೆಗಾಗಿ ಕಳಿಸುತ್ತಿದ್ದೇವೆ. ಒಂದು ವರ್ಷದಲ್ಲಿ 24 ಭೇಟಿಗಳಿಂದ 31 ಪ್ರಭೇದಗಳನ್ನು ದಾಖಲಿಸಿದ್ದೇವೆ. ಇವುಗಳಲ್ಲಿ ಐದು, ಜಿಲ್ಲೆಯ ಪ್ರಕಟಿತ ಪಟ್ಟಿಯಲ್ಲಿಲ್ಲ. ನಾಲ್ಕನ್ನು ಹಲವು ಚಿತ್ರಗಳಿಂದ ಗುರುತಿಸಿದ್ದೇವೆ. ಐದನೆಯದಕ್ಕೆ ಒಂದೇ ಚಿತ್ರವಿರುವುದರಿಂದ ಅದನ್ನು ತಾತ್ಕಾಲಿಕವೆಂದು ತೋರಿಸಿದ್ದೇವೆ. ಕೀಟಗಳನ್ನು ಹಿಡಿದಿಲ್ಲ, ಮರಿಗಳನ್ನು ಅಧ್ಯಯನ ಮಾಡಿಲ್ಲ. ನಿಮ್ಮ ಪತ್ರಿಕೆ ಇಂಥ ಪ್ರಾದೇಶಿಕ ಪಟ್ಟಿಗಳನ್ನು ಪ್ರಕಟಿಸುತ್ತಿರುವುದರಿಂದ ಇದು ನಿಮ್ಮ ಓದುಗರಿಗೆ ಉಪಯುಕ್ತವಾದೀತೆಂದು ಭಾವಿಸಿದ್ದೇವೆ. ಇದು ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಯ ಪರಿಶೀಲನೆಯಲ್ಲೂ ಇಲ್ಲ. ಇಬ್ಬರು ಲೇಖಕರೂ ಓದಿ ಒಪ್ಪಿದ್ದೇವೆ.'

ಐದನೆಯ ಪ್ರಭೇದದ ಮಾತನ್ನು ಏಕೆ ಬರೆಯಬೇಕು, ನಮ್ಮ ಕೊರತೆಯನ್ನು ನಾವೇ ಸಾರಬೇಕೆ ಎಂದು ತಂದೆತಾಯಿಗಳು ಕೇಳಬಹುದು. ಒಂದೇ ಚಿತ್ರ ಎಂಬುದು ಪರಿಶೀಲಕರಿಗೆ ಹೇಗೂ ಕಾಣುತ್ತದೆ. ಅವರು ಕಂಡುಹಿಡಿದರೆ ಅದು ಮುಚ್ಚಿಟ್ಟ ದೋಷವಾಗುತ್ತದೆ, ನಾವೇ ಹೇಳಿದರೆ ಉಳಿದ ನಾಲ್ಕರ ಮೇಲೆ ನಂಬಿಕೆ ಬೆಳೆಯುತ್ತದೆ. ಹಾಗೆಂದು ಕೊರತೆಗಳ ಪಟ್ಟಿಯನ್ನೇ ಕೊಡಬೇಕಾಗಿಲ್ಲ. ಮುಖ್ಯ ಫಲಿತಾಂಶವನ್ನು ತಟ್ಟುವಂಥದ್ದು ಮಾತ್ರ ಸಾಕು.

ಪತ್ರಿಕೆಗೆ ಹೊಂದುತ್ತದೆ ಎಂಬ ವಾಕ್ಯವನ್ನು ಊಹೆಯಿಂದ ಬರೆಯಲಾಗದು. ಆ ಪತ್ರಿಕೆಯ ಇತ್ತೀಚಿನ ಕೆಲವು ಸಂಚಿಕೆಗಳನ್ನು ತಿರುವಿ ನೋಡಿ. ಇಂಥ ಪಟ್ಟಿಗಳು ಅಲ್ಲಿ ಬಂದಿಲ್ಲವಾದರೆ ತಿದ್ದಬೇಕಾದದ್ದು ವಾಕ್ಯವನ್ನಲ್ಲ, ವಿಳಾಸವನ್ನು. ಒಂದು ಕಡೆಯಿಂದ ಹಿಂದಿರುಗಿದ ಪ್ರಬಂಧವನ್ನು ಇನ್ನೊಂದು ಕಡೆಗೆ ಕಳಿಸುವಾಗ ಹಳೆಯ ಪತ್ರಿಕೆಯ ಹೆಸರು ಪತ್ರದಲ್ಲಿ ಹಾಗೇ ಉಳಿದುಬಿಡುವುದೂ ಉಂಟು. ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸುವುದಂತೂ ನಿಯಮಬಾಹಿರ.

ಪತ್ರ ಅತಿಯಾಯಿತೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಪತ್ರದ ಪ್ರತಿ ವಾಕ್ಯದ ಪಕ್ಕದಲ್ಲಿ, ಅದಕ್ಕೆ ಆಧಾರವಾದ ಪ್ರಬಂಧದ ಪುಟವನ್ನೋ ಕೋಷ್ಟಕವನ್ನೋ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. 31 ಪ್ರಭೇದಗಳಿಗೆ ಕೋಷ್ಟಕವಿದೆ. ಐದು ದಾಖಲೆಗಳಿಗೆ ಚಿತ್ರಗಳಿವೆ. 'ಮಹತ್ತರ ಕೊಡುಗೆ' ಎಂಬುದಕ್ಕೆ ಪುಟಸಂಖ್ಯೆ ಸಿಗುವುದಿಲ್ಲ. ಸಿಗದ ವಾಕ್ಯವನ್ನು ಹೊಡೆದುಹಾಕಿ.

ಒಳ್ಳೆಯ ಪತ್ರ ದುರ್ಬಲ ಪ್ರಬಂಧವನ್ನು ಗೆಲ್ಲಿಸದು. ಕೆಲವು ಪತ್ರಿಕೆಗಳು ಪತ್ರವನ್ನು ಕೇಳುವುದೂ ಇಲ್ಲ. ಆದರೆ ಕೇಳುವ ಕಡೆ ಈ ಅರ್ಧ ಪುಟ ಮಾಡಬೇಕಾದ ಕೆಲಸ ಒಂದೇ: ಒಳಗೆ ಏನಿದೆಯೋ ಅದನ್ನು, ಇರುವಷ್ಟೇ ಗಾತ್ರದಲ್ಲಿ, ಹೊರಗಿನಿಂದ ತೋರಿಸುವುದು. ಅದಕ್ಕಿಂತ ಹೆಚ್ಚಿನದು ಪ್ರಬಂಧದಲ್ಲಿದ್ದರೆ, ಢಾಕಾದ ಪ್ರಬಂಧದಲ್ಲಿ ಕಂಡಂತೆ, ಓದುವವರಿಗೇ ಅದು ಕಾಣುತ್ತದೆ.