ಗಲ್ಲಾದಾಗಿನ ರೊಕ್ಕ ಎಲ್ಲಾ ನಮ್ಮದಲ್ಲ (ಅಂಗಡಿ ಲೆಕ್ಕ, ಭಾಗ 4)

ಫೋಟೋದಾಗ ಎರಡು ನೋಟ್‌ಬುಕ್ ಕಾಣ್ತಾವಲ್ಲ, ಕೆಂಪು ರಟ್ಟಿಂದು ಅಂಗಡೀದು, ನೀಲಿದು ಮನೀದು. ಹೋದ ವರ್ಷದ ತನಕ ಒಂದೂ ಇರಲಿಲ್ಲ. ಇಳಕಲ್ಲಿನ ನಮ್ಮ ಸೀರಿ ಅಂಗಡಿ ಲೆಕ್ಕ ಎಲ್ಲಾ ಅಪ್ಪನ ತಲ್ಯಾಗ, ರೊಕ್ಕ ಎಲ್ಲಾ ಒಂದ ಗಲ್ಲಾದಾಗ. ಹಾಲಿನವ ಬಂದ್ರ ಗಲ್ಲಾ, ಗ್ಯಾಸ್ ಬಂದ್ರ ಗಲ್ಲಾ, ಅಣ್ಣನ ಬೈಕ್ ಕಂತಿಗೂ ಗಲ್ಲಾ.

ವ್ಯಾಪಾರ ಚಲೋನ ಇತ್ತು. ಆದ್ರ ನಮಗ ಸೀರಿ ಕೊಡೋ ನೇಕಾರ ಕಾಕಾ ಪ್ರತಿ ಸೋಮವಾರ ಬಂದು ಕಟ್ಟಿ ಮ್ಯಾಲೆ ಕುಂದರತಿದ್ರು. "ಸಾವಕಾರ್ರ, ಈ ವಾರರ ಆಗ್ತೈತೇನ್ರಿ?" ಅಂತ ಕೇಳಿದಾಗ ಅಪ್ಪ ಅರ್ಧ ರೊಕ್ಕ ಕೊಟ್ಟು ಚಹಾ ತರಿಸ್ತಿದ್ರು. ವ್ಯಾಪಾರ ಇದ್ದೂ ಬಾಕಿ ಯಾಕ ಬೆಳೀತೈತಿ ಅಂತ ನನಗ ತಿಳೀಲಿಲ್ಲ. ಅದಕ್ಕ ಒಂದು ತಿಂಗಳು ಗಲ್ಲಾದಿಂದ ಮನಿಗೆ ಹೋದದ್ದನ್ನೆಲ್ಲ ಬರೆದೆ. ಸಂಬಂಧಿಕರ ಮದುವಿಗೆ ಆಹೇರಿ ಅಂತ ಒಯ್ದ ಎರಡು ಸೀರಿನೂ ತಂದ ಬೆಲೆಗೆ ಹಿಡಿದೆ. ಒಟ್ಟು 31,600 ಆತು.

ಈಗ ಅಂಗಡಿ ಕಡೆ ನೋಡ್ರಿ. 1,100ಕ್ಕ ತಂದ ಸೀರಿ 1,400ಕ್ಕ ಮಾರಿದ್ರ ಗಲ್ಲಾಕ್ಕ 1,400 ಬೀಳ್ತೈತಿ. ಆದ್ರ ಅದರಾಗಿನ 1,100 ಮುಂದಿನ ಸೀರೀದು. ಉಳಿದ 300ರಾಗ ಬಾಡಿಗಿ, ಹುಡುಗನ ಪಗಾರ, ಕರೆಂಟ್ ಬಿಲ್ ಹೋಗಬೇಕು. ಹಂಗ ಎಲ್ಲಾ ಕಳೆದು ನಮ್ಮ ಅಂಗಡಿ ವರ್ಷಕ್ಕ ಉಳಿಸಿದ್ದು 3 ಲಕ್ಷ, ಅಂದ್ರ ತಿಂಗಳಿಗೆ 25,000. ಮನಿಗೆ ಹೋಗಿದ್ದು 31,600. ತಿಂಗಳಿಗೆ 6,600 ಹೆಚ್ಚು. ನಾವು ತಿಂಗಳಿಗೆ ಆರು ಸೀರಿ, ವರ್ಷಕ್ಕ 72 ಸೀರಿ ತಿಂತಿದ್ವಿ, ಅದೂ ಬಹುತೇಕ ನೇಕಾರ ಕಾಕಾನ ರೊಕ್ಕದಾಗ.

ನಿಮ್ಮ ಅಂಗಡ್ಯಾಗೂ ಹಿಂಗ ಆಗಾಕತ್ತೇತೇನು ಅಂತ ನೋಡೋದು ಸರಳ ಐತಿ. ಪ್ರತಿ 1ನೇ ತಾರೀಖಿಗೆ ಅಂಗಡ್ಯಾಗಿನ ಮಾಲನ್ನ ತಂದ ಬೆಲೆಗೆ ಎಣಿಸ್ರಿ, ಕೈಯಾಗಿನ ಮತ್ತ ಬ್ಯಾಂಕಿನ ರೊಕ್ಕ, ಬರಬೇಕಾದ ಉದ್ರಿ ಕೂಡಿಸ್ರಿ, ಕೊಡಬೇಕಾದ ಬಾಕಿ ಕಳೀರಿ. ವ್ಯಾಪಾರ ಇದ್ರೂ ಆ ಅಂಕಿ ತಿಂಗಳಿಂದ ತಿಂಗಳಿಗೆ ಇಳೀತಿದ್ರ, ಮೊದಲು ಮನಿ ಖರ್ಚು ನೋಡ್ರಿ. (ಉದ್ರಿ ಮುಳುಗಿದ್ರೂ, ಮಾಲು ಹಾಳಾದ್ರೂ ಇಳೀತೈತಿ, ಅದನ್ನೂ ತಪಾಸ ಮಾಡ್ರಿ.)

"ಸ್ವಂತ ಅಂಗಡ್ಯಾಗ ಯಾರರ ಪಗಾರ ತಗೋತಾರೇನ?" ಅಂತ ಅಪ್ಪ ನಕ್ಕರು. ನನ್ನ ಅಭಿಪ್ರಾಯ ಏನಂದ್ರ, ಮಾಲೀಕನ ಪಗಾರ ಅಂಗಡಿ ಹುಡುಗನ ಪಗಾರಕ್ಕಿಂತ ಗಟ್ಟಿಯಾಗಿ ನಿಗದಿ ಆಗಬೇಕು. ಹುಡುಗ ಹೆಚ್ಚಿಗೆ ತಗೊಂಡ್ರ ಕೇಳಾಕ ಮಾಲೀಕ ಅದಾನ. ಮಾಲೀಕನ್ನ ಕೇಳೋರು ಯಾರು?

ಪಗಾರ ಎಷ್ಟು ಅನ್ನೋದ ದೊಡ್ಡ ಜಗಳ ಆತು. ಮದುವಿ ಸೀಜನ್‌ನಾಗ 45,000 ಉಳಿತೈತಿ, ಆಷಾಢದಾಗ 14,000. ಸೀಜನ್ ನೋಡಿ ಪಗಾರ ಇಟ್ರ ಆಷಾಢದಾಗ ಮತ್ತ ಬಾಕಿ. ಅದಕ್ಕ ವರ್ಷದ ಸರಾಸರಿಗಿಂತ ಕಡಿಮೆ, 22,000 ಇಟ್ವಿ. ಆಷಾಢದಾಗ ಕಡಿಮೆ ಬೀಳೋ 8,000 ಸೀಜನ್ ಉಳಿತಾಯದಿಂದ ಬರಬೇಕು, ಹಂಗಾಗಿ ಸೀಜನ್ ರೊಕ್ಕ ಮುಟ್ಟೋದಿಲ್ಲ. ಗ್ರಾನೈಟ್ ಕಾರ್ಖಾನ್ಯಾಗ ದುಡಿಯೋ ಅಣ್ಣ ಬೈಕ್ ಕಂತು ತಾನ ಕಟ್ಟಾಕ ಶುರು ಮಾಡಿದ. ಉಳಿದಿದ್ದಕ್ಕ ಕೈ ಬಿಗಿ ಹಿಡಿದ್ವಿ. ಅವ್ವಗ ಸುಲಭ ಆಗ್ಲಿಲ್ಲ, ಖರೇ ಹೇಳ್ತೀನಿ. ಬಾದಾಮಿ ಬನಶಂಕರಿ ಜಾತ್ರಿಗೆ ಈ ಸಲ ಬಸ್ಸಿನ್ಯಾಗ ಹೋಗಿ ಸಂಜಿಗೆ ಹೊಳ್ಳಿ ಬಂದ್ವಿ.

ಈಗ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್. 1ನೇ ತಾರೀಖಿಗೆ 22,000 ಮನಿ ಖಾತೆಗೆ ಹೋಗ್ತೈತಿ. ಆಹೇರಿ ಸೀರಿ ಒಯ್ದ್ರ ತಂದ ಬೆಲೆ ಮನಿ ಖಾತೆಯಿಂದ ವಾಪಸ್ ಬರ್ತೈತಿ. ಖಾತೆ ಬೇರೆ ಮಾಡಾಕ ಇನ್ನೊಂದು ಕಾರಣನೂ ಇತ್ತು. 2025ರ ಜುಲೈದಾಗ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿದ್ದು ನೆನಪೈತಲ್ಲ? ಕೈಗಡ, ಮನಿ ರೊಕ್ಕನೂ ಅದರಾಗ ಸೇರೇತಿ ಅಂತ ಅನೇಕರು ಆಗ ಹೇಳಿದ್ರು. ಎಲ್ಲಾ ಒಂದ ಕ್ಯೂಆರ್‌ಗೆ ಬಂದಿದ್ರ ಬೇರೆ ಮಾಡಿ ತೋರಿಸೋದು ಕಷ್ಟ.

ಕಾಮರ್ಸ್ ಗೆಳ್ಯಾರು ಕಮೆಂಟ್‌ನಾಗ ಹಿಡೀತೀರಿ, ಅದಕ್ಕ ಮೊದಲ ಹೇಳ್ತೀನಿ. ಒಬ್ಬರ ಹೆಸರಿನ ಅಂಗಡ್ಯಾಗ ಈ ಪಗಾರ ಆದಾಯ ತೆರಿಗೆ ಲೆಕ್ಕದಾಗ ಖರ್ಚು ಅಲ್ಲ, ಮಾಲೀಕ ತಗೊಂಡ ಡ್ರಾಯಿಂಗ್ಸ್ ಅಷ್ಟ. ತೆರಿಗೆ ಇದರಿಂದ ಕಡಿಮೆ ಆಗೋದಿಲ್ಲ.

ನೇಕಾರ ಕಾಕಾನ ಬಾಕಿ ಇನ್ನೂ ಪೂರ್ತಿ ತೀರಿಲ್ಲ. ತಿಂಗಳಿಗೆ 3,000 ಹಳೇ ಬಾಕಿಗೆ, ಹೊಸ ಸೀರಿಗೆ ಆವತ್ತ ರೊಕ್ಕ. ಸೋಮವಾರ ಬರ್ತಾರ, ಚಹಾ ಕುಡೀತಾರ, ರೊಕ್ಕ ಎಣಿಸಿಕೊಂಡು ಮಗ್ಗಕ್ಕ ಹೊಳ್ಳಿ ಹೋಗ್ತಾರ.