ರೆಕಾರ್ಡ್ ಪುಸ್ತಕ ಮತ್ತು ಕೆಂಪು ತಟ್ಟೆ

ಕೆಲಸ ಶುರು ಮಾಡಲಾಗದೆ ಒದ್ದಾಡುವವರಿಗೆ ಎರಡು ಸಲಹೆಗಳು ಎಲ್ಲ ಕಡೆಯಿಂದಲೂ ಬರುತ್ತವೆ: ಟೈಮರ್ ಇಟ್ಟುಕೋ, ಕೆಲಸವನ್ನು ಚಿಕ್ಕಚಿಕ್ಕದಾಗಿ ಒಡೆದುಕೋ. ಎರಡೂ ತಪ್ಪಲ್ಲ. ಆದರೂ ಟೈಮರ್ ಹತ್ತು ಸಲ ಬಡಿದುಕೊಂಡು, ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಕೊಂಡು, ಕೆಲಸ ಮಾತ್ರ ಇಟ್ಟಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಆಗ ಮನೆಯವರು ಬರುವ ತೀರ್ಮಾನವೂ ಒಂದೇ: ಇವನಿಗೆ ಸೋಮಾರಿತನ, ಏನು ಮಾಡಿದರೂ ಅಷ್ಟೇ. ಆ ತೀರ್ಮಾನಕ್ಕೆ ಬರುವ ಮೊದಲು ಪಟ್ಟಿಯನ್ನೇ ಒಮ್ಮೆ ಓದಿ ನೋಡುವುದು ಒಳ್ಳೆಯದು. ತೊಂದರೆ ಬಹಳ ಸಲ ಹುಡುಗನಲ್ಲಿರುವುದಿಲ್ಲ, ಪಟ್ಟಿಯನ್ನು ಕತ್ತರಿಸಿದ ರೀತಿಯಲ್ಲಿರುತ್ತದೆ.

ಗಮನ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ ಕುರಿತು ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ವಾದದ ತಿರುಳು ಇಲ್ಲಿ ನೆರವಿಗೆ ಬರುತ್ತದೆ. ಇಂಥವರಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಕೇಳಿದರೆ ಹಂತಹಂತವಾಗಿ ವಿವರಿಸಿಯೂ ಹೇಳುತ್ತಾರೆ. ಗೊತ್ತಿರುವುದನ್ನು ಮಾಡಬೇಕಾದ ಗಳಿಗೆಯಲ್ಲಿ ಮಾಡಲಾಗುವುದಿಲ್ಲ, ಅಷ್ಟೇ. ಹಾಗಾಗಿ ಇನ್ನಷ್ಟು ಬುದ್ಧಿವಾದದಿಂದ ಪ್ರಯೋಜನವಿಲ್ಲ. ತಲೆಯೊಳಗೆ ಹಿಡಿದಿಡಲಾಗದ ಎರಡು ಸಂಗತಿಗಳನ್ನು, ಅಂದರೆ ಹೊತ್ತನ್ನೂ ಮುಂದಿನ ಹೆಜ್ಜೆಯನ್ನೂ, ತಲೆಯಿಂದ ಹೊರಗೆ ತಂದು ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಕಾಣುವಂತೆ ಇಡಬೇಕು.

ಹೊತ್ತನ್ನು ಕಾಣಿಸುವುದು ಹೊಸ ಉಪಾಯವಲ್ಲ. ಗಡಿಯಾರಗಳಿಗೆ ಮೊದಲು ನಮ್ಮಲ್ಲಿ ಗಳಿಗೆ ಬಟ್ಟಲಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ಮುಹೂರ್ತ ನೋಡುವವರಿಗೆ ಇನ್ನೆಷ್ಟು ಹೊತ್ತಿದೆ ಎಂಬುದು ಬಟ್ಟಲೊಳಗಿನ ನೀರಿನ ಮಟ್ಟದಲ್ಲೇ ಕಾಣುತ್ತಿತ್ತು. ಈಗ ವಿಶೇಷ ಶಾಲೆಗಳಲ್ಲಿ ಕಾಣಸಿಗುವ ಕೆಂಪು ತಟ್ಟೆಯ ಟೈಮರ್ ಮಾಡುವ ಕೆಲಸವೂ ಅದೇ. 1990ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಜ್ಯಾನ್ ರೋಜರ್ಸ್ ಎಂಬ ತಾಯಿ, ಇನ್ನೆಷ್ಟು ಹೊತ್ತು ಎಂದು ಮತ್ತೆ ಮತ್ತೆ ಕೇಳುತ್ತಿದ್ದ ಪುಟ್ಟ ಮಗಳಿಗಾಗಿ ಇದನ್ನು ರೂಪಿಸಿದರು. ಇಪ್ಪತ್ತು ನಿಮಿಷಕ್ಕೆ ತಿರುಗಿಸಿದರೆ ಮುಖದ ಮೂರರಲ್ಲೊಂದು ಭಾಗ ಕೆಂಪಾಗುತ್ತದೆ, ಹೊತ್ತು ಸರಿದಂತೆ ಕೆಂಪು ಕರಗುತ್ತದೆ. ಫೋನಿನ ಪರದೆಯಲ್ಲಿ 12:40 ಎಂದು ಕಂಡರೆ ಅದು ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕಬೇಕು. ಕೆಂಪಿನ ಅಗಲಕ್ಕೆ ಲೆಕ್ಕ ಬೇಡ. ದುಡ್ಡು ಕೊಟ್ಟು ತರಲೇಬೇಕೆಂದೂ ಇಲ್ಲ. ಗೋಡೆ ಗಡಿಯಾರದ ಗಾಜಿನ ಮೇಲೆ ನಿಮಿಷದ ಮುಳ್ಳು ಈಗಿರುವ ಜಾಗದಿಂದ ಮುಟ್ಟಬೇಕಾದ ಜಾಗದವರೆಗೆ ಅಳಿಸಬಹುದಾದ ಮಾರ್ಕರ್‌ನಿಂದ ಬಣ್ಣ ತುಂಬಿದರೆ ಸಾಕು. ಫೋನ್ ಮಾತ್ರ ಆದಷ್ಟೂ ಬೇಡ. ಟೈಮರ್ ಹಾಕಲೆಂದು ಕೈಗೆತ್ತಿಕೊಂಡ ಫೋನ್ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಹೆಜ್ಜೆಗಳ ವಿಚಾರ. ಬಿಕ್ಕಟ್ಟು ನಿಜವಾಗಿ ಇರುವುದು ಇಲ್ಲೇ.

ಸೆಕೆಂಡ್ ಪಿಯುಸಿ ಓದುವ ಹುಡುಗನೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. ಓಮ್ ನಿಯಮದ ಪ್ರಯೋಗ ಲ್ಯಾಬಿನಲ್ಲಿ ಮಾಡಿ ಎರಡು ವಾರವಾಗಿದೆ, ರೀಡಿಂಗ್‌ಗಳು ಅಬ್ಸರ್ವೇಶನ್ ಪುಸ್ತಕದಲ್ಲಿವೆ, ಪ್ರಾಕ್ಟಿಕಲ್ ರೆಕಾರ್ಡ್ ಖಾಲಿ. ‘ರೆಕಾರ್ಡ್ ಬರೆ’ ಅನ್ನುವುದು ದೊಡ್ಡ ಹೆಜ್ಜೆಯಾಯಿತು ಎಂದು ಮನೆಯವರು ಅದನ್ನು ನಾಲ್ಕಾಗಿ ಒಡೆದಿದ್ದಾರೆ: ಬಲಪುಟದಲ್ಲಿ ಏಮ್, ಅಪರೇಟಸ್, ಪ್ರೊಸೀಜರ್, ಎಡಪುಟದಲ್ಲಿ ಸರ್ಕ್ಯೂಟ್ ಚಿತ್ರ ಮತ್ತು ಟೇಬಲ್, ಗ್ರಾಫ್, ಲೆಕ್ಕ ಮತ್ತು ಫಲಿತಾಂಶ. ನೋಡಲು ಚೊಕ್ಕವಾದ ಪಟ್ಟಿ. ಹುಡುಗ ಮಾತ್ರ ಕುರ್ಚಿಯಲ್ಲಿ ಕೂತು ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು.

ಮೊದಲ ಹೆಜ್ಜೆಯೇ ಏಳು ಸಾಲು ಬರೆಯುವ ಕೆಲಸದಿಂದ ಶುರುವಾಗುವುದು ಒಂದು ತಪ್ಪು. ಅದಕ್ಕೂ ಮೊದಲು ರೆಕಾರ್ಡ್ ಬ್ಯಾಗಿನಿಂದ ಹೊರಬರಬೇಕು, ಅಬ್ಸರ್ವೇಶನ್ ಪುಸ್ತಕ ಸಿಗಬೇಕು, ಮೇಜಿನ ಮೇಲಿನ ತಟ್ಟೆ ಲೋಟ ಸರಿಯಬೇಕು. ಇವು ಕೆಲಸವೆಂದು ಯಾರಿಗೂ ಅನ್ನಿಸದ್ದರಿಂದ ಯಾರೂ ಬರೆಯುವುದಿಲ್ಲ. ಶುರು ಮಾಡಲಾಗದವನು ಎಡವುವುದು ಈ ಬರೆಯದ ಹೆಜ್ಜೆಗಳ ಮೇಲೆಯೇ. ಪಟ್ಟಿಯ ಮೊದಲ ಸಾಲು ಹೀಗಿದ್ದರೆ ಒಳ್ಳೆಯದು: ಬ್ಯಾಗಿನಿಂದ ರೆಕಾರ್ಡ್ ತೆಗೆದು ಮೇಜಿನ ಮೇಲಿಡು. ಎರಡನೆಯದು: ಅಬ್ಸರ್ವೇಶನ್ ಪುಸ್ತಕದ ಆ ಪುಟ ತೆರೆದು ಪಕ್ಕದಲ್ಲಿಡು. ಮೂರನೆಯದು: ಬಲಪುಟದ ಮೇಲೆ ತಾರೀಖು ಮತ್ತು ಪ್ರಯೋಗದ ಸಂಖ್ಯೆ ಬರೆ. ಇಷ್ಟಾದರೆ ಎರಡು ನಿಮಿಷವೂ ಆಗಿರುವುದಿಲ್ಲ, ಆದರೆ ಪುಟ ಖಾಲಿ ಇರುವುದಿಲ್ಲ.

ಎರಡನೆಯ ತಪ್ಪು ಇನ್ನೂ ಆಳದ್ದು. ಚಿಕ್ಕ ಹೆಜ್ಜೆ ಅಂದರೆ ಕಡಿಮೆ ಹೊತ್ತು ಹಿಡಿಯುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ಗ್ರಾಫ್ ಹೆಜ್ಜೆಯನ್ನು ನೋಡಿ. ಕೈಗೆ ಅದು ಹತ್ತು ನಿಮಿಷದ ಕೆಲಸ, ಆರು ಚುಕ್ಕೆ ಒಂದು ಗೆರೆ. ಆದರೂ ಹುಡುಗ ನಿಲ್ಲುವುದು ಅಲ್ಲೇ. ಪಕ್ಕದಲ್ಲಿ ಕೂತ ಅಕ್ಕ ಕೇಳುತ್ತಾಳೆ: ‘ಯಾಕೋ ನಿಂತೆ? ಚುಕ್ಕೆ ಇಡೋದು ತಾನೆ?’

‘ಯಾವ ಕಡೆ ಏನು ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಅಕ್ಕ.’

ಇದು ಸಬೂಬಲ್ಲ. ಗ್ರಾಫ್ ಬಿಡಿಸು ಎಂಬ ಎರಡು ಪದದೊಳಗೆ ಕನಿಷ್ಠ ಮೂರು ತೀರ್ಮಾನಗಳು ಅಡಗಿವೆ. ವೋಲ್ಟೇಜ್ ಯಾವ ಅಕ್ಷಕ್ಕೆ, ಕರೆಂಟ್ ಯಾವ ಅಕ್ಷಕ್ಕೆ? ಒಂದು ಸೆಂಟಿಮೀಟರಿಗೆ ಎಷ್ಟು ವೋಲ್ಟ್? ಎಷ್ಟು ಆಂಪಿಯರ್? ಅಕ್ಷ ಅದಲುಬದಲಾದರೆ ಗೆರೆಯ ಇಳಿಜಾರು ರೆಸಿಸ್ಟೆನ್ಸಿನ ಬದಲು ಅದರ ವಿಲೋಮವನ್ನು ಕೊಡುತ್ತದೆ. ಸ್ಕೇಲ್ ತಪ್ಪಿದರೆ ಗೆರೆ ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ ಇಲ್ಲವೇ ಹಾಳೆಯಿಂದಾಚೆ ಹೋಗುತ್ತದೆ. ತಪ್ಪಬಹುದೆಂಬ ಅಂಜಿಕೆಯಿರುವ ತೀರ್ಮಾನ ಎದುರಾದಾಗ ಶುರು ಮಾಡಲಾಗದವನು ಕೆಲಸದಿಂದ ಕಣ್ಣು ತೆಗೆದುಬಿಡುತ್ತಾನೆ.

ಆದ್ದರಿಂದ ಈ ಹೆಜ್ಜೆಯನ್ನು ನಿಮಿಷದ ಲೆಕ್ಕದಲ್ಲಿ ಒಡೆದು ಪ್ರಯೋಜನವಿಲ್ಲ. ತೀರ್ಮಾನವನ್ನು ಕೈಕೆಲಸದಿಂದ ಬೇರ್ಪಡಿಸಬೇಕು. ಅಕ್ಕ ತಮ್ಮ ಕೂತು ಮೊದಲು ರೀಡಿಂಗ್ ನೋಡುತ್ತಾರೆ: ಅತಿ ಹೆಚ್ಚಿನ ವೋಲ್ಟೇಜ್ 2.4, ಅತಿ ಹೆಚ್ಚಿನ ಕರೆಂಟ್ 0.6. ಚೀಟಿಯ ಮೇಲೆ ಬರೆಯುತ್ತಾರೆ: ಅಡ್ಡಕ್ಕೆ ಕರೆಂಟ್, 1 ಸೆಂ.ಮೀ. ಅಂದರೆ 0.05 ಆಂಪಿಯರ್, ನಿಲುವಿಗೆ ವೋಲ್ಟೇಜ್, 1 ಸೆಂ.ಮೀ. ಅಂದರೆ 0.2 ವೋಲ್ಟ್. ಎರಡೂ ಕಡೆ 12 ಸೆಂ.ಮೀ. ಸಾಕಾಯಿತು, ಹಾಳೆಯಲ್ಲಿ ಆರಾಮಾಗಿ ಹಿಡಿಯುತ್ತದೆ. ಇಷ್ಟು ತೀರ್ಮಾನವಾದ ಮೇಲೆ ಉಳಿದದ್ದು ಸ್ಕೇಲು, ಪೆನ್ಸಿಲ್, ಆರು ಚುಕ್ಕೆ. 2.4ನ್ನು 0.6ರಿಂದ ಭಾಗಿಸಿದರೆ 4 ಓಮ್. ಚೀಟಿ ಕೈಯಲ್ಲಿದ್ದರೆ ಗ್ರಾಫ್‌ಗೆ ಅಷ್ಟೇನೂ ಒಡೆತ ಬೇಕಾಗುವುದಿಲ್ಲ. ಚೀಟಿ ಇಲ್ಲದಿದ್ದರೆ ಇಪ್ಪತ್ತು ತುಂಡು ಮಾಡಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ: ಪ್ರತಿ ಸಾಲನ್ನೂ ಓದಿ, ಹೇಗೆ ಅಥವಾ ಯಾವುದು ಎಂಬ ಪ್ರಶ್ನೆ ಏಳುತ್ತದೆಯೇ ನೋಡುವುದು. ಎದ್ದರೆ ಆ ಸಾಲು ಇನ್ನೂ ಚಿಕ್ಕದಾಗಿಲ್ಲ.

ಈ ಕತ್ತರಿಸುವ ಕೆಲಸವನ್ನು ಶುರು ಮಾಡುವ ಗಳಿಗೆಯಲ್ಲೇ ಇಟ್ಟುಕೊಳ್ಳಬಾರದು, ಹಿಂದಿನ ದಿನವೇ ಆಗಿರಬೇಕು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟದ್ದೂ ಇಂಥದ್ದೇ. ನಾಳೆ ಬರೆಯುತ್ತೇನೆ ಎಂಬ ನಿಶ್ಚಯಕ್ಕಿಂತ, ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಕಟ್ಟಿಟ್ಟ ಯೋಜನೆ ಹೆಚ್ಚು ನಡೆಯುತ್ತದೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಹಾಕಿ ನೋಡಿದಾಗಲೂ ಇದೇ ಕಂಡಿತು. ಹುಡುಗನ ಮಟ್ಟಿಗೆ ಅದು ಹೀಗೆ: ಸಂಜೆ ಕಾಫಿ ಕುಡಿದು ಲೋಟ ಸಿಂಕಿಗೆ ಹಾಕಿದ ಕೂಡಲೇ ಬ್ಯಾಗಿನಿಂದ ರೆಕಾರ್ಡ್ ತೆಗೆಯುವುದು. ಐದು ಗಂಟೆಗೆ ಎಂದು ಬರೆದರೆ ಐದು ಗಂಟೆ ಸದ್ದಿಲ್ಲದೆ ದಾಟಿಹೋಗುತ್ತದೆ. ಲೋಟ ಕೈಯಲ್ಲಿರುವುದು ಹಾಗೆ ದಾಟಿಹೋಗದು.

ಟೈಮರ್ ಬರುವುದು ಇದಾದ ಮೇಲೆ. ಅದನ್ನು ಕೆಲಸ ಮುಗಿಸಬೇಕಾದ ಗಡುವೆಂದು ಇಟ್ಟರೆ ಬೇಗ ಕೆಡುತ್ತದೆ. ತನಗೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವುದರಲ್ಲಿ ಎಲ್ಲರೂ ಸೋಲುತ್ತಾರೆ. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು, ಹಿಡಿದದ್ದು 55 ದಿನಕ್ಕೂ ಹೆಚ್ಚು. ಹಾಗಿರುವಾಗ ಹತ್ತು ನಿಮಿಷದಲ್ಲಿ ಪ್ರೊಸೀಜರ್ ಮುಗಿಯಬೇಕೆಂದರೆ ದಿನವೂ ಸೋಲು ಕಾದಿರುತ್ತದೆ. ಕೆಂಪು ತಟ್ಟೆ ಹೇಳಬೇಕಾದದ್ದು ಬೇರೆ: ಇಷ್ಟು ಹೊತ್ತು ಮಾತ್ರ ಕೂರು, ಆಮೇಲೆ ಏಳಬಹುದು. ಮುಗಿಯುವುದು ಕಣ್ಣಿಗೆ ಕಾಣುವುದರಿಂದಲೇ ಕೂರುವುದು ಸಾಧ್ಯವಾಗುತ್ತದೆ.

ಇಲ್ಲಿ ಅಮ್ಮಂದಿರು ಒಳ್ಳೆಯ ಮನಸ್ಸಿನಿಂದಲೇ ಕೆಡಿಸುತ್ತಾರೆ. ಕೆಂಪು ಮುಗಿಯಿತು, ಹುಡುಗ ಎದ್ದ. ‘ಚೆನ್ನಾಗಿ ಬರೀತಿದ್ದೀಯಲ್ಲ, ಇನ್ನೊಂದು ಹತ್ತು ನಿಮಿಷ ಕೂತ್ಕೊಂಡು ಮುಗಿಸಿಬಿಡು ಮಗನೇ.’ ಅವತ್ತು ಮುಗಿಯಬಹುದು. ಮರುದಿನ ಕೆಂಪಿನ ಮಾತನ್ನು ಅವನು ನಂಬುವುದಿಲ್ಲ. ಅವನೇ ಮುಂದುವರಿಸಿದರೆ ಬೇರೆ ಮಾತು, ಬೇರೆಯವರು ಬೆಳೆಸಬಾರದು.

ಎದ್ದು ಹೋದವನು ಮರಳಬೇಕಲ್ಲ, ಅದೂ ಇನ್ನೊಂದು ಶುರುವೇ. ಐದು ನಿಮಿಷದ ಬಿಡುವಿಗೂ ಕೆಂಪು ತಟ್ಟೆ ಇರಬೇಕು, ಬರವಣಿಗೆಯನ್ನು ವಾಕ್ಯದ ನಡುವೆಯೇ ನಿಲ್ಲಿಸಿರಬೇಕು. 1928ರಲ್ಲಿ ಬರ್ಲಿನ್‌ನಲ್ಲಿ ಕರ್ಟ್ ಲೆವಿನ್ ಅವರ ವಿದ್ಯಾರ್ಥಿನಿ ಮರಿಯಾ ಒವ್ಸಿಯಾಂಕಿನಾ, ನಡುವೆ ತಡೆದ ಕೆಲಸಕ್ಕೆ ಜನ ಯಾರೂ ಹೇಳದೆಯೇ ಮರಳುವುದನ್ನು ದಾಖಲಿಸಿದ್ದರು. ಅರ್ಧ ವಾಕ್ಯದಿಂದ ಇನ್ನೊಂದು ಲಾಭವೂ ಇದೆ: ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನಿಸಬೇಕಾಗಿಲ್ಲ.

ಹೀಗೆ ಎಲ್ಲವನ್ನೂ ಹೊರಗೆ ಇಟ್ಟುಕೊಟ್ಟರೆ ಮಕ್ಕಳು ಅದಕ್ಕೇ ಜೋತುಬೀಳುವುದಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಹೆಜ್ಜೆಗಳ ವಿಚಾರದಲ್ಲಿ ಉತ್ತರವಿದೆ. ನಾಲ್ಕನೆಯ ಪ್ರಯೋಗದ ಹೊತ್ತಿಗೆ ತಾರೀಖು, ಏಮ್, ಅಪರೇಟಸ್ ಮೂರೂ ಒಂದೇ ಸಾಲಾಗಬಹುದು, ರೂಢಿಯಾದದ್ದನ್ನು ಸೇರಿಸುತ್ತಾ ಹೋಗಬೇಕು. ಬ್ಯಾಗಿನಿಂದ ತೆಗೆ ಎಂಬ ಮೊದಲ ಸಾಲು ಮಾತ್ರ ಕೆಲವರಿಗೆ ದೊಡ್ಡವರಾದ ಮೇಲೂ ಬೇಕಾಗಬಹುದು, ಅದನ್ನು ಒಪ್ಪಿಕೊಳ್ಳುವುದೇ ಸರಿ. ಟೈಮರಿನ ವಿಚಾರ ಅಷ್ಟು ನೇರವಲ್ಲ. ಕರಗುವ ಕೆಂಪನ್ನು ಕಂಡು ಎದೆ ಹೊಡೆದುಕೊಳ್ಳುವವರಿದ್ದಾರೆ. ಅಂಥವರು ಸೊನ್ನೆಯಿಂದ ಮೇಲಕ್ಕೆ ಎಣಿಸುವ ಗಡಿಯಾರ ಇಟ್ಟುಕೊಳ್ಳಬಹುದು. ಕಷ್ಟಪಟ್ಟು ಕೆಲಸದಲ್ಲಿ ಮುಳುಗಿದವರನ್ನು ಟೈಮರಿನ ಸದ್ದು ಎಬ್ಬಿಸಿಬಿಟ್ಟರೆ ಮತ್ತೆ ಕೂರುವುದು ಇನ್ನೂ ಕಷ್ಟ, ಅವರಿಗೆ ಸದ್ದಿಲ್ಲದ್ದೇ ವಾಸಿ. ಹಾಗೆಯೇ ದಿನಾ ನೋಡಿದ ಟೈಮರ್ ಕ್ಯಾಲೆಂಡರಿನಂತೆ ಗೋಡೆಗೆ ಸೇರಿ ಕಣ್ಣಿಗೆ ಬೀಳದಂತಾಗುವುದೂ ಉಂಟು. ಆಗ ಜಾಗ ಬದಲಿಸಬೇಕು.

ಇಷ್ಟು ಮಾಡಿಯೂ ಬ್ಯಾಗಿನಿಂದ ಪುಸ್ತಕವೇ ಹೊರಬರದಿದ್ದರೆ ಯಾವಾಗಿನಿಂದ ಹೀಗೆ ಎಂದು ಕೇಳಿಕೊಳ್ಳಬೇಕು. ಎಡಿಎಚ್‌ಡಿ ಎನ್ನಲು ಲಕ್ಷಣಗಳಲ್ಲಿ ಹಲವಾದರೂ ಹನ್ನೆರಡು ವರ್ಷಕ್ಕೆ ಮೊದಲೇ ಕಂಡಿರಬೇಕೆಂದು ವೈದ್ಯರ ಕೈಪಿಡಿ ಹೇಳುತ್ತದೆ. ಹತ್ತನೇ ತರಗತಿಯವರೆಗೆ ತಾನಾಗಿ ಓದಿಕೊಂಡಿದ್ದ ಹುಡುಗ ಈ ವರ್ಷ ಮಾತ್ರ ಏಳಲಾರದಂತಾಗಿದ್ದರೆ ಖಿನ್ನತೆ, ನಿದ್ದೆ, ಥೈರಾಯ್ಡ್ ಇವನ್ನು ಮೊದಲು ನೋಡಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ. ಹೋಗುವಾಗ ಎರಡು ವಾರದ ಪಟ್ಟಿಗಳನ್ನು ಜೊತೆಗೊಯ್ಯುವುದು ಒಳ್ಳೆಯದು, ಯಾವ ಸಾಲಿನ ಪಕ್ಕ ಗುರುತು ಬಿದ್ದಿದೆ, ಯಾವುದರ ಪಕ್ಕ ಒಮ್ಮೆಯೂ ಬಿದ್ದಿಲ್ಲ ಎಂಬುದು ಅದರಲ್ಲಿರುತ್ತದೆ.