ಮನ್ಮಾಡಿನಲ್ಲಿ ಗಾಡಿ ಬದಲಿಸುವವರಿಗೆ ಒಂದು ಪಟ್ಟಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಾಸಿಕದ ನಮ್ಮವರೂ ಛತ್ರಪತಿ ಸಂಭಾಜಿನಗರದ ನಮ್ಮವರೂ ಊರಿನ ಕಡೆ ಮುಖ ಮಾಡುವುದು ವಾಡಿಕೆ. ಒಬ್ಬರು ಪಶ್ಚಿಮದಿಂದ, ಇನ್ನೊಬ್ಬರು ಪೂರ್ವದಿಂದ ಬಂದರೂ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬೇಕಾದರೆ ಇಬ್ಬರೂ ಸೇರತಕ್ಕದ್ದು ಮನ್ಮಾಡ್ ಜಂಕ್ಷನ್ನಿನಲ್ಲಿಯೇ. ನಾಸಿಕ್ ರೋಡಿನಿಂದ ಅದು ಸುಮಾರು 73 ಕಿಲೋಮೀಟರು, ಸಂಭಾಜಿನಗರದಿಂದ ಸುಮಾರು 110. ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಪಟ್ಟಿ ಹಾಕಿಕೊಳ್ಳುವ ಬಗೆಯನ್ನು ಈ ಸಲ ಹೇಳೋಣವೆಂದಿದ್ದೇವೆ. ಬೀದರಿಗೆ ಹೋಗುವ ನಾಲ್ವರ ಒಂದು ಸಂಸಾರವನ್ನು ತೆಗೆದುಕೊಳ್ಳಿ. ವೇಳೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಗಾಡಿಯ ವೇಳೆಯನ್ನು ನೀವೇ ನೋಡಿ ತುಂಬಬೇಕು.

| ಹಾದಿ | ಹೊರಡುವುದು | ಮುಟ್ಟುವುದು | ಮುಂದಿನ ಗಾಡಿಗೆ ಬಿಡುವು | ಜಾಗ |
|---|---|---|---|---|
| ನಾಸಿಕ್ ರೋಡ್ – ಮನ್ಮಾಡ್ | ಮೇ 12, 11:10 | ಮೇ 12, 12:15 | 2 ಗಂಟೆ 45 ನಿಮಿಷ | CNF |
| ಮನ್ಮಾಡ್ – ಕಲಬುರಗಿ | ಮೇ 12, 15:00 | ಮೇ 13, 00:40 | 5 ಗಂಟೆ 30 ನಿಮಿಷ | RLWL 14/WL 9 |
| ಕಲಬುರಗಿ – ಬೀದರ್ | ಮೇ 13, 06:10 | ಮೇ 13, ಬೆಳಿಗ್ಗೆ | – | ಕಾಯ್ದಿರಿಸಿಲ್ಲ |

ಮೊದಲು ನೋಡಬೇಕಾದದ್ದು ತಾರೀಖು. ಕಲಬುರಗಿಯನ್ನು ಮುಟ್ಟುವುದು ನಡುರಾತ್ರಿ ದಾಟಿದ ಮೇಲೆ. ಪಟ್ಟಿಯಲ್ಲಿ ಬರಿಯ ಗಂಟೆ ಬರೆದರೆ, ಕರೆದೊಯ್ಯಲು ಬರುವ ಮಾವನವರು ಒಂದು ದಿನ ತಡವಾಗಿ ಸ್ಟೇಷನ್ನಿಗೆ ಬಂದು ನಿಂತಾರು.

ಎರಡನೆಯದು, ಯಾವ ಟಿಕೆಟ್ಟನ್ನು ಮೊದಲು ತೆಗೆಯಬೇಕೆಂಬುದು. ನಡುವಣ ಸಾಲೇ ಕಷ್ಟದ್ದು, ಆದುದರಿಂದ ಅದೇ ಮೊದಲು. 2024ರ ನವೆಂಬರಿನಿಂದ ಮುಂಗಡ ಬುಕಿಂಗು 60 ದಿನಕ್ಕೆ ಇಳಿದಿದೆ, ಮತ್ತು ಈ ಎಣಿಕೆ ಗಾಡಿ ತನ್ನ ಮೂಲಸ್ಥಾನದಿಂದ ಹೊರಡುವ ದಿನದಿಂದ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಬಿಡುವುದು ಹಿಂದಿನ ದಿನ. ಮೇ 12ಕ್ಕೆ ಮನ್ಮಾಡಿನಲ್ಲಿ ಹತ್ತುವವರಿಗೆ ಗಾಡಿಯ ದಿನ ಮೇ 11, ಬುಕಿಂಗು ತೆರೆಯುವುದು ಮಾರ್ಚ್ 12ರ ಬೆಳಿಗ್ಗೆ 8ಕ್ಕೆ. ಮುಂಬಯಿಯಿಂದ ಅದೇ ದಿನ ಹೊರಟು ನಾಸಿಕಕ್ಕೆ ಬರುವ ಗಾಡಿಗಾದರೆ ಮಾರ್ಚ್ 13. ನಮ್ಮವರಲ್ಲಿ ಅನೇಕರು 13ರಂದೇ ಎರಡನ್ನೂ ತೆಗೆಯಲು ಕುಳಿತು, ಒಂದು ದಿನ ಹಿಂದೆ ಬೀಳುತ್ತಾರೆ.

ಇನ್ನು ಆ `RLWL 14/WL 9`. ಮೊದಲ ಅಂಕಿ ಟಿಕೆಟ್ಟು ತೆಗೆದಾಗಿನದು, ಎರಡನೆಯದು ಇಂದಿನದು. ಐದು ಮೆಟ್ಟಲು ಮುಂದೆ ಬಂದೆವೆಂದು ಹಿಗ್ಗುವ ಮೊದಲು ಎಡಗಡೆಯ ಅಕ್ಷರಗಳನ್ನು ನೋಡಿ. `GNWL` ಎಂದಿದ್ದರೆ ಸಾಮಾನ್ಯ ಪಾಲಿನ ಸರದಿ. `RLWL` ಎಂದರೆ ನಡುದಾರಿಯ ಊರಿಗೆ ಇಟ್ಟ ಸಣ್ಣ ಪಾಲಿನದು. ಆ ಸಣ್ಣ ಪಾಲಿನವರು ಟಿಕೆಟ್ಟು ಬಿಟ್ಟರೆ ಮಾತ್ರ ನಿಮ್ಮ ಸರದಿ ಸರಿಯುತ್ತದೆ. `GNWL`ನ 20ಕ್ಕಿಂತ `RLWL`ನ 9 ಹೆಚ್ಚು ಹಠಮಾರಿಯಾಗಿರುವುದುಂಟು. `RAC` ಆದರೆ ಭಯವಿಲ್ಲ: ಇಬ್ಬರಿಗೆ ಒಂದು ಪಕ್ಕದ ಬರ್ತು, ಕುಳಿತಾದರೂ ಹೋಗಬಹುದು.

ಚಾರ್ಟಾಗುವವರೆಗೂ ವೇಟಿಂಗಿನಲ್ಲೇ ಉಳಿದ ಆನ್‌ಲೈನ್ ಟಿಕೆಟ್ಟು ತಾನಾಗಿಯೇ ರದ್ದಾಗಿ ಹಣ ಹಿಂದಕ್ಕೆ ಬರುತ್ತದೆ. ಆದರೆ ಮೊದಲ ಸಾಲಿನ ಟಿಕೆಟ್ಟು ರದ್ದಾಗುವುದಿಲ್ಲ. ಅದನ್ನು ನೀವೇ ಬಿಡಿಸಬೇಕು. ಆದಕಾರಣ ನಡುವಣ ಗಾಡಿಯ ಚಾರ್ಟು ಎಲ್ಲಿ, ಎಷ್ಟು ಹೊತ್ತಿಗೆ ಆಗುವುದೆಂದು ವಿಚಾರಿಸಿ ಪಟ್ಟಿಯ ಅಂಚಿನಲ್ಲಿ ಗುರುತಿಡಿ. ನಾಸಿಕದ ಮನೆಗೆ ಬೀಗ ಹಾಕುವ ಮುನ್ನ ಅದು ತಿಳಿದರೆ ಸರಿ, ಮನ್ಮಾಡಿನ ಪ್ಲಾಟ್‌ಫಾರ್ಮಿನ ಮೇಲೆ ತಿಳಿದರೆ ಹೆಂಗಸರು ಮಕ್ಕಳೊಡನೆ ಪಡಿಪಾಟಲು.

ಬಿಡುವಿನ ವಿಷಯ. ಎರಡೂ ಗಾಡಿಗಳಿಗೆ ಕಾಯ್ದಿರಿಸಿದ ಟಿಕೆಟ್ಟಿದ್ದರೆ ಎರಡು `PNR`ಗಳನ್ನು ಕೂಡಿಸುವ ಅನುಕೂಲ 2019ರಿಂದ ಇದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಮೊದಲನೆಯದು ನಿಜವಾಗಿ ಬಂದು ಮುಟ್ಟಿದ 3 ಗಂಟೆಯೊಳಗೆ ಅರ್ಜಿ ಹಾಕಿದಲ್ಲಿ ಉಳಿದ ಹಾದಿಯ ಹಣ ಕಡಿತವಿಲ್ಲದೆ ದೊರೆಯುತ್ತದೆ. ಒಂದೇ ಗಂಟೆಯ ದಾರಿಯೆಂದು ನಾಸಿಕದಿಂದ ಜನರಲ್ ಟಿಕೆಟ್ಟು ಕೊಂಡವರಿಗೆ `PNR` ಇಲ್ಲ, ಕೂಡಿಸುವಂತೆಯೂ ಇಲ್ಲ.

ಎರಡೂ ಟಿಕೆಟ್ಟುಗಳಲ್ಲಿ ಪ್ರಯಾಣಿಕರು ಅವರೇ ಇರಬೇಕೆಂಬ ನಿಯಮವೂ ಉಂಟು. ಸಂಭಾಜಿನಗರದ ತಂಗಿ ಭಾವನವರು ಇದೇ ಗಾಡಿಗೆ ಮನ್ಮಾಡಿನಲ್ಲಿ ಕೂಡಿಕೊಳ್ಳುವರೆನ್ನಿ. ಆರು ಜನರಿಗೆ ಒಂದೇ ಟಿಕೆಟ್ಟು ತೆಗೆದರೆ ಒಟ್ಟಿಗೆ ಕುಳಿತು ಬುತ್ತಿ ಬಿಚ್ಚುವ ಸಂಭವ ಹೆಚ್ಚು. ಆದರೆ ಆ ಟಿಕೆಟ್ಟನ್ನು ನಾಸಿಕದ ನಾಲ್ವರದಕ್ಕೂ ಸಂಭಾಜಿನಗರದ ಇಬ್ಬರದಕ್ಕೂ ಕೂಡಿಸಲಾಗದು. ನಮ್ಮ ಅಭಿಪ್ರಾಯ: ಬಿಡುವು ಎರಡೂವರೆ ಗಂಟೆಗೆ ಮೇಲಿದ್ದರೆ ಒಂದೇ ಟಿಕೆಟ್ಟು, ಒಂದು ಗಂಟೆಯಷ್ಟೇ ಇದ್ದರೆ ಬೇರೆ ಬೇರೆ.

ಕಲಬುರಗಿಯ ಐದೂವರೆ ಗಂಟೆಗೆ ಈ ಚಿಂತೆಯಿಲ್ಲ. ಎಕ್ಸ್‌ಪ್ರೆಸ್ಸು ಎರಡು ಗಂಟೆ ತಡವಾದರೆ ವೇಟಿಂಗ್ ರೂಮಿನಲ್ಲಿ ತೂಕಡಿಸುವುದು ಅಷ್ಟು ಕಡಿಮೆಯಾಯಿತು. ಬೀದರಿನ ಗಾಡಿ ತಪ್ಪಿದರೆ ಮಾತ್ರ ಬಸ್ಸನ್ನು ನೋಡಿಕೊಳ್ಳಬೇಕು. ಅದನ್ನೂ ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ.